ಆನ್‌ಲೈನಿನಲ್ಲಿ ವೇಳಾಪಟ್ಟಿ ಸಿಗದ ಊರಿಗೆ ಸರ್ಕಾರಿ ಬಸ್ಸು: ನಿಲ್ದಾಣದಲ್ಲಿ ಏನು ಕೇಳಬೇಕು, ಯಾರನ್ನು ಕೇಳಬೇಕು

‘ನಾಗಮಂಗಲದ ಬಸ್ಸು ಎಷ್ಟು ಗಂಟೆಗೆ?’

‘ಇದೆ, ಬರುತ್ತದೆ. ಅಲ್ಲೇ ನಿಂತಿರಿ.’

ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ, ಈ ಉತ್ತರವನ್ನೂ ಅಷ್ಟೇ ಸಲ ಪಡೆದಿದ್ದೇನೆ. ಉತ್ತರ ಹೇಳಿದವರು ಸುಳ್ಳು ಹೇಳಿದ್ದಲ್ಲ. ಬಸ್ಸು ಇತ್ತು, ಬರುವುದೂ ಬಂತು. ಆದರೆ ಹತ್ತು ನಿಮಿಷಕ್ಕೆ ಬರುತ್ತದೋ ಒಂದೂವರೆ ಗಂಟೆಗೆ ಬರುತ್ತದೋ, ಬೋರ್ಡಿನಲ್ಲಿ ಯಾವ ಊರಿನ ಹೆಸರು ಇರುತ್ತದೆ, ಸಂಜೆ ಹಿಂದಿರುಗಲು ಏನು ದಾರಿ, ಒಂದೂ ನನಗೆ ತಿಳಿದಿರಲಿಲ್ಲ. ಕೆಲವು ವರ್ಷ ಓಡಾಡಿದ ಮೇಲೆ ಹೊಳೆಯಿತು, ನಾನು ಕೇಳುತ್ತಿದ್ದ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವೇ ಇರಲಿಲ್ಲ. ಬೇರೆ ಪ್ರಶ್ನೆಗಳಿಗೆ ಅದೇ ಕಿಟಕಿಯಲ್ಲಿ, ಅದೇ ಸಿಬ್ಬಂದಿಯಿಂದ, ಕರಾರುವಾಕ್ಕಾದ ಉತ್ತರ ಸಿಗುತ್ತದೆ.

ಮೈಸೂರಿನಿಂದ ನಾಗಮಂಗಲಕ್ಕೆ ಹೋಗಿ ಅದೇ ದಿನ ವಾಪಸಾಗುವುದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೆ.ಆರ್. ಪೇಟೆಗೋ ಮಳವಳ್ಳಿಗೋ ಹೋಗುವವರು ಊರಿನ ಹೆಸರು ಬದಲಿಸಿಕೊಂಡರೆ ಸಾಕು.

ಮೊಬೈಲಿನಲ್ಲಿ ಏಕೆ ಸಿಗುವುದಿಲ್ಲ

ಕೆಎಸ್‌ಆರ್‌ಟಿಸಿಯ ಜಾಲತಾಣ ಇರುವುದು ಮುಖ್ಯವಾಗಿ ಆಸನ ಕಾಯ್ದಿರಿಸುವುದಕ್ಕೆ. ಅಲ್ಲಿ ಕಾಣುವುದು ಮುಂಗಡ ಟಿಕೆಟ್ ಕೊಡುವ ಬಸ್ಸುಗಳು: ಐರಾವತ, ರಾಜಹಂಸ, ದೂರದ ಊರುಗಳಿಗೆ ಹೋಗುವ ಕೆಲವು ಕರ್ನಾಟಕ ಸಾರಿಗೆ. ತಾಲ್ಲೂಕಿನಿಂದ ತಾಲ್ಲೂಕಿಗೆ ಓಡುವ ಕೆಂಪು ಬಸ್ಸಿಗೆ ಮುಂಗಡ ಟಿಕೆಟ್ ಇಲ್ಲ, ಆದ್ದರಿಂದ ಅದು ಅಲ್ಲಿ ಕಾಣುವುದಿಲ್ಲ. ಹುಡುಕಿದಾಗ ಏನೂ ಬಾರದಿದ್ದರೆ ಬಸ್ಸೇ ಇಲ್ಲ ಎಂದು ತಿಳಿದು ಕಾರು ಗೊತ್ತುಮಾಡಿದವರನ್ನು ನಾನು ಕಂಡಿದ್ದೇನೆ.

ಹಾಗೆಂದು ಈ ಬಸ್ಸುಗಳು ಮನಸ್ಸಿಗೆ ಬಂದಂತೆ ಓಡುವುದಿಲ್ಲ. ಪ್ರತಿ ಡಿಪೋದಲ್ಲಿಯೂ ಪ್ರತಿ ಬಸ್ಸಿಗೆ ಒಂದು ಶೆಡ್ಯೂಲ್ ಇರುತ್ತದೆ. ಎಷ್ಟು ಹೊತ್ತಿಗೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕು, ಅಲ್ಲಿಂದ ಮತ್ತೆ ಎಲ್ಲಿಗೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಒಂದು ಬಸ್ಸು ಒಂದೇ ದಾರಿಗೆ ಕಟ್ಟುಬಿದ್ದದ್ದಲ್ಲ. ಬೆಳಿಗ್ಗೆ ಒಂದು ಹಳ್ಳಿಗೆ ಹೋಗಿ ಶಾಲೆಯ ಮಕ್ಕಳನ್ನು ತಂದು ಬಿಟ್ಟ ಬಸ್ಸೇ ಆಮೇಲೆ ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ ಬರಬಹುದು. ಮೊದಲ ಟ್ರಿಪ್ಪಿನಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ತಡವಾದರೆ ಆ ಇಪ್ಪತ್ತು ನಿಮಿಷ ದಿನವಿಡೀ ಅದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಹೀಗಾಗಿ ಕಿಟಕಿಯ ಒಳಗೆ ಕುಳಿತವರು ಗಂಟೆ ಹೇಳಲು ಹಿಂಜರಿಯುತ್ತಾರೆ. ಕಾಗದದ ಮೇಲಿನ ಹೊತ್ತು ಅವರಿಗೆ ಗೊತ್ತು, ಬಸ್ಸು ಈಗ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಹೇಳಿದ ಹೊತ್ತಿಗೆ ಬಾರದಿದ್ದರೆ ಬೈಸಿಕೊಳ್ಳುವವರು ಅವರೇ.

ಮನೆಯಲ್ಲಿಯೇ ಮಾಡಬೇಕಾದ್ದು: ದಾರಿಯ ಮೂರು ಹೆಸರು

ಮೊಬೈಲಿನ ನಕ್ಷೆ ಬಸ್ಸಿನ ಹೊತ್ತು ಹೇಳದಿದ್ದರೂ ದಾರಿಯನ್ನು ಚೆನ್ನಾಗಿ ಹೇಳುತ್ತದೆ. ಹೊರಡುವ ಹಿಂದಿನ ದಿನ ಅದನ್ನು ತೆರೆದು ಮೂರು ಹೆಸರು ಬರೆದುಕೊಳ್ಳಿ.

ಮೊದಲನೆಯದು, ನಡುವೆ ಸಿಗುವ ದೊಡ್ಡ ಊರು. ನಾಗಮಂಗಲಕ್ಕೆ ನೇರ ದಾರಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಆಮೇಲೆ ಮೇಲುಕೋಟೆಗೆ ತಿರುಗುವ ಜಕ್ಕನಹಳ್ಳಿ ಸಿಗುತ್ತವೆ. ಒಟ್ಟು ಸುಮಾರು 60 ಕಿಲೋಮೀಟರ್.

ಎರಡನೆಯದು, ನಿಮ್ಮ ಊರನ್ನು ದಾಟಿ ಅದೇ ರಸ್ತೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು. ನಾಗಮಂಗಲದಾಚೆ ಬೆಳ್ಳೂರು, ಬೆಳ್ಳೂರು ಕ್ರಾಸ್. ಇನ್ನೂ ಮುಂದೆ ಹೋದರೆ ತುಮಕೂರಿನ ಕಡೆ. ಈ ಎರಡನೆಯ ಹೆಸರನ್ನೇ ಹೆಚ್ಚಿನವರು ಮರೆಯುತ್ತಾರೆ. ಅಂಕಣದಲ್ಲಿ ನಿಂತು ‘ನಾಗಮಂಗಲ’ ಎಂಬ ಬೋರ್ಡಿಗೇ ಕಾಯುತ್ತಾರೆ, ಕಣ್ಣೆದುರಿಗೆ ನಾಗಮಂಗಲದ ಮೇಲೆ ಹೋಗುವ ಎರಡು ಬಸ್ಸು ಹೊರಟುಹೋಗಿರುತ್ತವೆ. ಬೋರ್ಡಿನಲ್ಲಿ ದೊಡ್ಡದಾಗಿ ಇರುವುದು ಬಸ್ಸಿನ ಕೊನೆಯ ಊರು. ನಡುವಿನ ಊರುಗಳು ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂರನೆಯದು, ನೇರ ಬಸ್ಸು ಸಿಗದಿದ್ದರೆ ಇಳಿದು ಹತ್ತಬಹುದಾದ ಕೂಡುಸ್ಥಳ. ನಾಗಮಂಗಲಕ್ಕೆ ಅದು ಮಂಡ್ಯ. ಮಂಡ್ಯದಿಂದ ಬಸರಾಳಿನ ಮೇಲೆ ನಾಗಮಂಗಲಕ್ಕೆ ಸುಮಾರು 40 ಕಿಲೋಮೀಟರ್. ಸುತ್ತು ಹೌದು, ಆದರೆ ಮೈಸೂರು–ಮಂಡ್ಯ ನಡುವೆ ಬಸ್ಸಿಗೆ ಎಂದೂ ಬರವಿಲ್ಲ, ರೈಲೂ ಇದೆ.

ಊರಿನ ಹೆಸರಿನಲ್ಲಿಯೇ ಮೋಸ ಹೋಗುವ ಕೆಲವು ಕಡೆಗಳಿವೆ, ಅವನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ. ಬೆಳ್ಳೂರು ಬೇರೆ, ಬೆಳ್ಳೂರು ಕ್ರಾಸ್ ಬೇರೆ. ಪಾಂಡವಪುರ ಪಟ್ಟಣ ಬೇರೆ, ಪಾಂಡವಪುರ ರೈಲ್ವೆ ನಿಲ್ದಾಣ ಬೇರೆ. ನಡುವೆ ಕೆಲವು ಕಿಲೋಮೀಟರ್ ಅಂತರವಿದೆ. ಒಮ್ಮೆ ನಾನು ಬರೀ ‘ಪಾಂಡವಪುರ’ ಎಂದು ಟಿಕೆಟ್ ತೆಗೆದುಕೊಂಡು, ಕಿಟಕಿಯಲ್ಲಿ ಪಾಂಡವಪುರ ಎಂಬ ಫಲಕ ಕಂಡ ತಕ್ಷಣ ಸಡಗರದಿಂದ ಇಳಿದುಬಿಟ್ಟೆ. ಇಳಿದ ಮೇಲೆ ನೋಡಿದರೆ ಅದು ರೈಲ್ವೆ ನಿಲ್ದಾಣದ ಕಡೆಗೆ ಹೋಗುವ ದಾರಿ. ಆಟೋದವನು ನನ್ನ ಮುಖ ನೋಡಿಯೇ ಬಾಡಿಗೆ ಹೇಳಿದ.

ಯಾವ ನಿಲ್ದಾಣ

ಇದನ್ನು ಬೇಗ ಮುಗಿಸುತ್ತೇನೆ. ಮೈಸೂರಿನಲ್ಲಿ ಹೊರ ಊರಿನ ಬಸ್ಸುಗಳಿಗೆ ಬೆಂಗಳೂರು–ನೀಲಗಿರಿ ರಸ್ತೆಯ ಸಬರ್ಬನ್ ನಿಲ್ದಾಣ. ಅರಮನೆಯ ಬಳಿಯ ನಗರ ಬಸ್ ನಿಲ್ದಾಣದಿಂದ ಶ್ರೀರಂಗಪಟ್ಟಣ, ಕೆಆರ್‌ಎಸ್ ಮುಂತಾದ ಹತ್ತಿರದ ಊರುಗಳಿಗೂ ನಗರ ಸಾರಿಗೆ ಹೋಗುತ್ತದೆ. ಅಲ್ಲಿ ನಿಂತು ನಾಗಮಂಗಲ ಎಂದರೆ ‘ಸಬರ್ಬನ್‌ಗೆ ಹೋಗಿ’ ಎನ್ನುತ್ತಾರೆ. ಎರಡರ ನಡುವೆ ನಡೆದೇ ಹೋಗಬಹುದು. ಮಂಡ್ಯದಲ್ಲಿ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಮೇಲೆಯೇ ನಿಲ್ದಾಣವಿದೆ.

ಯಾರಿಗೆ ಏನು ಗೊತ್ತು

ನಿಲ್ದಾಣದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತು, ಅದನ್ನು ಸರಿಯಾದವರಿಂದ ಕೇಳಿ ಜೋಡಿಸಿಕೊಳ್ಳಬೇಕು.

ಟಿಸಿ, ಎಂದರೆ ಸಂಚಾರ ನಿಯಂತ್ರಕರು, ಬಸ್ಸುಗಳ ಹೋಗು–ಬರುವನ್ನು ಬರೆದುಕೊಳ್ಳುವವರು. ನಿಲ್ದಾಣಕ್ಕೆ ಬಂದ ಬಸ್ಸಿನ ನಿರ್ವಾಹಕರು ಅವರ ಬಳಿ ಹೋಗಿ ಎಂಟ್ರಿ ಹಾಕಿಸಿಕೊಂಡೇ ಹೊರಡಬೇಕು. ಹೀಗಾಗಿ ಟಿಸಿಗೆ ಖಚಿತವಾಗಿ ಗೊತ್ತಿರುವುದು ಏನು? ಆಗಲೇ ಹೋದ ಬಸ್ಸುಗಳು. ಮುಂದಿನದು ಅವರಿಗೂ ಅಂದಾಜು, ಹಿಂದಿನದು ಪುಸ್ತಕದಲ್ಲಿಯೇ ಇದೆ.

ನಿರ್ವಾಹಕರಿಗೆ ತಮ್ಮ ಬಸ್ಸಿನ ಬಗ್ಗೆ ಎಲ್ಲವೂ ಗೊತ್ತು: ಎಲ್ಲಿ ನಿಲ್ಲುತ್ತದೆ, ಊರೊಳಗೆ ಹೋಗುತ್ತದೆಯೇ, ಅಲ್ಲಿಂದ ಮತ್ತೆ ಎಷ್ಟು ಹೊತ್ತಿಗೆ ಹಿಂದಿರುಗುತ್ತದೆ. ಬೇರೆ ಡಿಪೋದ ಬಸ್ಸುಗಳ ಬಗ್ಗೆ ಕೇಳಿದರೆ ಅವರು ಹೇಳುವುದು ಬರೀ ನೆನಪಿನಿಂದ.

ಅಂಕಣದ ಬಳಿ ಹೂವು, ಸೌತೆಕಾಯಿ ಮಾರುವವರು, ಟೀ ಅಂಗಡಿಯವರು ಶೆಡ್ಯೂಲ್ ನೋಡಿದವರಲ್ಲ. ಆದರೆ ಯಾವ ಬಸ್ಸು ಪ್ರತಿದಿನ ತಡವಾಗಿ ಬರುತ್ತದೆ, ಇವತ್ತು ಯಾವುದು ಬಂದಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ, ಅವರ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಇನ್ನು ದಿನವೂ ಓಡಾಡುವ ಮೇಷ್ಟರು, ನರ್ಸುಗಳು, ಕಾಲೇಜಿನ ಹುಡುಗರು. ಇವರಿಗೆ ತಮ್ಮ ಒಂದು ಬಸ್ಸಿನ ನಾಡಿ ಗೊತ್ತು. ಅವರ ಬಸ್ಸೇ ನಿಮ್ಮದೂ ಆಗಿದ್ದರೆ ಅವರ ಬೆನ್ನು ಹಿಡಿದರೆ ಸಾಕು.

ಟಿಸಿಯನ್ನು ಕೇಳಲು ಹದವಾದ ಗಳಿಗೆ ನೋಡಿಕೊಳ್ಳಿ. ಕಿಟಕಿಯ ಮುಂದೆ ನಾಲ್ಕು ನಿರ್ವಾಹಕರು ಕಾಗದ ಚಾಚಿಕೊಂಡು ನಿಂತಿರುವಾಗ ಕೇಳಿದರೆ ‘ಇದೆ, ಬರುತ್ತದೆ’ ಎಂಬುದೇ ಗತಿ. ಎರಡು ನಿಮಿಷ ಕಾದು ಅವರು ಪೆನ್ನು ಕೆಳಗಿಟ್ಟಾಗ ಕೇಳಿ.

ಕೇಳಬೇಕಾದ ಪ್ರಶ್ನೆಗಳು

ಮೊದಲ ಪ್ರಶ್ನೆ ಬೋರ್ಡಿನದು. ‘ಸರ್, ನಾಗಮಂಗಲದ ಮೇಲೆ ಹೋಗುವ ಬಸ್ಸುಗಳು ಯಾವ ಅಂಕಣದಲ್ಲಿ ನಿಲ್ಲುತ್ತವೆ? ಬೋರ್ಡಿನಲ್ಲಿ ಯಾವ ಯಾವ ಊರು ಇರುತ್ತದೆ?’ ‘ನಾಗಮಂಗಲದ ಬಸ್ಸು’ ಎಂದು ಕೇಳಬೇಡಿ, ‘ನಾಗಮಂಗಲದ ಮೇಲೆ ಹೋಗುವ ಬಸ್ಸುಗಳು’ ಎನ್ನಿ. ಮೊದಲನೆಯದಕ್ಕೆ ಒಂದು ಬಸ್ಸು ಉತ್ತರವಾಗಿ ಬಂದರೆ ಎರಡನೆಯದಕ್ಕೆ ಎಲ್ಲವೂ ಬರುತ್ತವೆ.

ಎರಡನೆಯ ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ‘ಹಿಂದಿನ ಬಸ್ಸು ಹೋಗಿ ಎಷ್ಟು ಹೊತ್ತಾಯಿತು?’ ಇದಕ್ಕೆ ಟಿಸಿ ಪುಸ್ತಕ ನೋಡಿ ನಿಜವನ್ನೇ ಹೇಳುತ್ತಾರೆ, ಹಿಂಜರಿಯಲು ಕಾರಣವೇ ಇಲ್ಲ. ಅದರ ಹಿಂದೆಯೇ ‘ಅದಕ್ಕೂ ಮುಂಚಿನದು?’ ಎಂದು ಕೇಳಿದರೆ ಎರಡು ಬಸ್ಸುಗಳ ನಡುವಿನ ಅಂತರ ಕೈಗೆ ಬರುತ್ತದೆ. ಏಳು ಗಂಟೆಗೆ ಒಂದು, ಏಳು ಮುಕ್ಕಾಲಿಗೆ ಒಂದು ಹೋಗಿದ್ದು ಈಗ ಏಳು ಐವತ್ತಾಗಿದ್ದರೆ ಟೀ ಕುಡಿಯಲು ಬಿಡುವಿದೆ. ಏಳಕ್ಕೆ ಹೋದದ್ದೇ ಕೊನೆಯದಾಗಿದ್ದು ಈಗ ಎಂಟಾಗಿದ್ದರೆ ಅಂಕಣ ಬಿಟ್ಟು ಕದಲಬೇಡಿ, ಮುಂದಿನದು ಈಗಲೋ ಆಗಲೋ ಬರಬೇಕು.

ಮೂರನೆಯದು: ‘ಮುಂದಿನದು ಇಲ್ಲಿಂದಲೇ ಹೊರಡುವ ಬಸ್ಸೋ, ಬೇರೆ ಕಡೆಯಿಂದ ಬರುವುದೋ?’ ಇಲ್ಲಿಂದಲೇ ಹೊರಡುವ ಬಸ್ಸು ಮುಂಚೆಯೇ ಬಂದು ಅಂಕಣದಲ್ಲಿ ನಿಂತಿರುತ್ತದೆ, ಖಾಲಿ ಇರುತ್ತದೆ, ಹೇಳಿದ ಹೊತ್ತಿಗೆ ಹೆಚ್ಚುಕಡಿಮೆ ಹೊರಡುತ್ತದೆ. ಚಾಮರಾಜನಗರದ ಕಡೆಯಿಂದಲೋ ನಂಜನಗೂಡಿನ ಕಡೆಯಿಂದಲೋ ಬರುವ ಬಸ್ಸು ತುಂಬಿಕೊಂಡೇ ಬರುತ್ತದೆ, ಐದು ನಿಮಿಷ ನಿಂತು ಹೋಗಿಬಿಡುತ್ತದೆ, ಹೊತ್ತಿನ ಭರವಸೆ ಇಲ್ಲ. ವಯಸ್ಸಾದವರು, ಮಕ್ಕಳು, ಅಕ್ಕಿ ಮೂಟೆ ಜೊತೆಗಿದ್ದರೆ ಇಲ್ಲಿಂದ ಹೊರಡುವ ಬಸ್ಸಿಗೇ ಕಾಯುವುದು ಲೇಸು, ಅರ್ಧ ಗಂಟೆ ಹೆಚ್ಚಾದರೂ ಸರಿಯೇ.

ನಾಲ್ಕನೆಯದನ್ನು ನಿರ್ವಾಹಕರನ್ನೇ ಕೇಳಬೇಕು: ‘ಊರೊಳಗಿನ ನಿಲ್ದಾಣಕ್ಕೆ ಹೋಗುತ್ತದೆಯೇ, ಹೊರಗಿನಿಂದಲೇ ಹೋಗುತ್ತದೆಯೇ?’ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಆ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲವನ್ನೂ ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ. ಬೆಂಗಳೂರಿನ ತಡೆರಹಿತ ಬಸ್ಸು ಹತ್ತಿ ಮಂಡ್ಯದಲ್ಲಿ ಇಳಿಯುತ್ತೇನೆ ಎಂದರೆ ನಿರ್ವಾಹಕರು ಹತ್ತಿಸಿಕೊಳ್ಳುವುದಿಲ್ಲ. ತಿಳಿಯದೆ ಹತ್ತಿ ಕುಳಿತವರು ಮದ್ದೂರು ವಡೆಯನ್ನೂ ಕಾಣದೆ ರಾಜಧಾನಿ ಮುಟ್ಟುತ್ತಾರೆ.

ಇನ್ನು ಕೇಳುವ ರೀತಿ. ಬಂದು ನಿಂತ ಬಸ್ಸಿನ ಬಾಗಿಲಲ್ಲಿ ‘ಇದು ನಾಗಮಂಗಲಕ್ಕೆ ಹೋಗುತ್ತದೆಯೇ?’ ಎಂದು ಪ್ರಯಾಣಿಕರನ್ನು ಕೇಳಬೇಡಿ. ನಮ್ಮ ಜನ ಒಳ್ಳೆಯವರು, ಇಲ್ಲ ಎನ್ನಲು ಅವರಿಗೆ ಮನಸ್ಸು ಬರುವುದಿಲ್ಲ. ಗದ್ದಲದಲ್ಲಿ ಅರ್ಧ ಕೇಳಿಸಿಕೊಂಡು ‘ಹೂಂ, ಹತ್ತಿ’ ಎಂದುಬಿಡುತ್ತಾರೆ. ಬದಲಿಗೆ ‘ಇದು ಎಲ್ಲಿಗೆ ಹೋಗುತ್ತದೆ?’ ಎನ್ನಿ. ಆಗ ಉತ್ತರದಲ್ಲಿ ಊರಿನ ಹೆಸರು ಬರಲೇಬೇಕು. ಬಂದ ಹೆಸರು ನೀವು ಬರೆದುಕೊಂಡ ಮೂರರಲ್ಲಿ ಒಂದಾಗಿದ್ದರೆ ‘ಯಾವ ಮಾರ್ಗ?’ ಎಂದು ನಿರ್ವಾಹಕರನ್ನು ಕೇಳಿ. ತುಮಕೂರಿಗೆ ಹೋಗುವ ಎಲ್ಲ ಬಸ್ಸೂ ನಾಗಮಂಗಲದ ಮೇಲೆಯೇ ಹೋಗಬೇಕೆಂದು ಎಲ್ಲಿಯೂ ಬರೆದಿಲ್ಲ.

ಬಸ್ಸಿನ ಮೈಮೇಲೆ ಬರೆದಿರುವುದು

ಯಾರನ್ನೂ ಕೇಳದೆ ತಿಳಿಯಬಹುದಾದ ಸಂಗತಿಯೊಂದಿದೆ. ಸರ್ಕಾರಿ ಬಸ್ಸಿನ ಮೈಮೇಲೆ ವಿಭಾಗ ಮತ್ತು ಘಟಕದ ಹೆಸರು ಬರೆದಿರುತ್ತದೆ. ಘಟಕ ಎಂದರೆ ಡಿಪೋ. ನೋಂದಣಿ ಸಂಖ್ಯೆಯೂ ಸುಳಿವು ಕೊಡುತ್ತದೆ: ಕೆಎ 09 ಎಫ್ ಎಂದರೆ ಮೈಸೂರಿನ ಕಡೆಯದು, ಕೆಎ 11 ಎಫ್ ಎಂದರೆ ಮಂಡ್ಯದ ಕಡೆಯದು.

ಇದರಿಂದ ಏನು ಪ್ರಯೋಜನ? ಬಸ್ಸಿಗೂ ಸಂಜೆ ಮನೆ ಸೇರುವ ಅವಸರ ಇರುತ್ತದೆ. ಸಂಜೆ ಮೈಸೂರಿನ ನಿಲ್ದಾಣದಲ್ಲಿ ನಾಗಮಂಗಲ ಘಟಕದ ಬಸ್ಸೊಂದು ನಿಂತಿದ್ದರೆ ಅದು ಇವತ್ತೋ ನಾಳೆಯೋ ನಾಗಮಂಗಲಕ್ಕೇ ಹಿಂದಿರುಗಬೇಕು. ಬೋರ್ಡು ಇನ್ನೂ ಬದಲಿಸದೆ ಇರಬಹುದು, ಆದ್ದರಿಂದ ನಿರ್ವಾಹಕರನ್ನು ಹುಡುಕಿ ‘ಸರ್, ಘಟಕಕ್ಕೆ ಯಾವಾಗ ವಾಪಸು?’ ಎಂದು ಕೇಳಿ. ಅದೇ ಊರಿನ ಡಿಪೋದವರಾದ್ದರಿಂದ ಅಲ್ಲಿನ ಉಳಿದ ಬಸ್ಸುಗಳ ಸುದ್ದಿಯೂ ಅವರಲ್ಲಿ ಸಿಗುತ್ತದೆ. ಆದರೆ ಸಂಜೆ ಹೊರಡುವ ಬಸ್ಸುಗಳಲ್ಲಿ ಹಾಲ್ಟ್ ಬಸ್ಸು ಎಂಬುದೊಂದು ಇರುತ್ತದೆ. ಅದು ಡಿಪೋಗೆ ಹಿಂದಿರುಗದೆ ಯಾವುದೋ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಅಲ್ಲಿಂದ ಮೊದಲ ಬಸ್ಸಾಗಿ ಹೊರಡುತ್ತದೆ. ‘ಹಾಲ್ಟ್ ಎಲ್ಲಿ?’ ಎಂದು ಕೇಳಿಯೇ ಹತ್ತಿ.

ಬಸ್ಸು ಈಗ ಹೊರಡುತ್ತದೆಯೇ ಎಂದು ತಿಳಿಯಲು ಚಾಲಕರ ಆಸನ ನೋಡುವವರೇ ಹೆಚ್ಚು. ಅದು ನಂಬುವಂಥದ್ದಲ್ಲ, ಚಾಲಕರು ಪತ್ರಿಕೆ ಓದಲೂ ಅಲ್ಲಿಯೇ ಕೂರುತ್ತಾರೆ. ನಿರ್ವಾಹಕರ ಕೈಯನ್ನು ನೋಡಿ. ಚೀಲ ಹೆಗಲಿಗೆ ಹಾಕಿಕೊಂಡು, ಟಿಕೆಟ್ ಯಂತ್ರ ಒಂದು ಕೈಯಲ್ಲಿ, ಮಡಿಸಿದ ಕಾಗದ ಇನ್ನೊಂದು ಕೈಯಲ್ಲಿ ಹಿಡಿದು ಟಿಸಿ ಕಿಟಕಿಯಿಂದ ತಮ್ಮ ಬಸ್ಸಿನ ಕಡೆಗೆ ನಡೆದು ಬರುತ್ತಿದ್ದಾರೆ ಎಂದರೆ ಎಂಟ್ರಿ ಆಗಿದೆ. ಇನ್ನೊಂದೆರಡು ನಿಮಿಷದಲ್ಲಿ ಸೀಟಿ. ಆ ಹೊತ್ತಿನಲ್ಲಿ ನೀರಿನ ಬಾಟಲಿ ತರಲು ಇಳಿಯಬೇಡಿ.

ಹತ್ತಿದ ಮೇಲೆ

ಟಿಕೆಟ್ ಕೇಳುವಾಗ ಊರಿನ ಹೆಸರಿನ ಜೊತೆಗೆ ಇಳಿಯುವ ಜಾಗವನ್ನೂ ಹೇಳಿ: ‘ನಾಗಮಂಗಲ, ಬಸ್ ಸ್ಟ್ಯಾಂಡ್’. ದಾರಿಯ ನಡುವಿನ ಕ್ರಾಸಿನಲ್ಲಿ ಇಳಿಯುವುದಾದರೆ ಆಗಲೇ ‘ಅಲ್ಲಿ ನಿಲುಗಡೆ ಇದೆಯೇ’ ಎಂದು ಕೇಳಿ. ವೇಗದೂತ ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. ಇಲ್ಲವೆಂದರೆ ಹಿಂದಿನ ಅಥವಾ ಮುಂದಿನ ನಿಲುಗಡೆ ಯಾವುದು ಎಂದು ತಿಳಿದು ಅಲ್ಲಿಗೆ ಟಿಕೆಟ್ ತೆಗೆದುಕೊಳ್ಳಿ. ಬಸ್ಸು ಓಡುತ್ತಿರುವಾಗ ಎದ್ದು ನಿಂತು ವಾದ ಮಾಡಿದರೆ ಹಿಂದಿನ ಸಾಲಿನವರಿಗೆ ಮನರಂಜನೆ, ನಿಮಗೇನೂ ಲಾಭವಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ; ರಾಜಹಂಸ, ಐರಾವತಗಳಿಗೆ ಅದು ಅನ್ವಯಿಸುವುದಿಲ್ಲ. ದರ ಇಲ್ಲವೆಂದರೆ ಟಿಕೆಟ್ಟೇ ಬೇಡವೆಂದಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಇಳಿಯುವವರೆಗೆ ಇಟ್ಟುಕೊಳ್ಳಬೇಕು. ಬಸ್ಸು ಬದಲಿಸಿದರೆ ಎರಡನೆಯ ಬಸ್ಸಿನಲ್ಲಿ ಬೇರೆ ಟಿಕೆಟ್.

ಹಣ ಕೊಡುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿತು, ಅದಕ್ಕಿಂತ ಹಿಂದೆ ಯಾರೋ ಎಲ್ಲೋ ಬರೆದಿಟ್ಟ ದರ ನಂಬಿ ಎಣಿಸಿದ ಚಿಲ್ಲರೆ ತರಬೇಡಿ. ಮೊಬೈಲಿನಲ್ಲಿ ಹಣ ಪಾವತಿ ಆಗುತ್ತದೆ ಎಂದು ನೆಚ್ಚಿಕೊಂಡರೂ ಜೇಬಿನಲ್ಲಿ ಸಣ್ಣ ನೋಟುಗಳಿರಲಿ, ಬಯಲಿನ ನಡುವೆ ನೆಟ್‌ವರ್ಕ್ ಕೈಕೊಡುವುದುಂಟು. ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರೆ ಆ ಟಿಕೆಟ್ ಕಳೆಯಬೇಡಿ, ಇಳಿಯುವುದಕ್ಕೆ ಒಂದು ನಿಲುಗಡೆ ಮುಂಚೆಯೇ ಕೇಳಿ.

ಇಳಿದ ತಕ್ಷಣ, ಊರಿಗೆ ಕಾಲಿಡುವ ಮುಂಚೆ

ಹಿಂದಿರುಗುವ ಬಸ್ಸಿನ ವಿಚಾರಣೆಯನ್ನು ಹಿಂದಿರುಗುವಾಗ ಮಾಡುವುದು ದೊಡ್ಡ ತಪ್ಪು. ಇಳಿದ ಕೂಡಲೇ, ನೆಂಟರ ಮನೆಗೆ ಹೊರಡುವ ಮುಂಚೆಯೇ, ಆ ನಿಲ್ದಾಣದ ಟಿಸಿಯ ಬಳಿ ಹೋಗಿ. ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು ಭಾಗದ್ದು: ‘ಮೈಸೂರಿಗೆ ಕೊನೆಯ ಬಸ್ಸು ಯಾವಾಗ?’ ಮತ್ತು ‘ಅದಕ್ಕೆ ಮುಂಚಿನದು ಯಾವಾಗ?’

ನೀವು ಹಿಡಿಯಬೇಕಾದದ್ದು ಎರಡನೆಯದನ್ನು. ಕೊನೆಯ ಬಸ್ಸನ್ನು ತಪ್ಪಿಸಿಕೊಂಡರೆ ಹಿಂದೆ ಇನ್ನೊಂದಿಲ್ಲ. ಅದು ಬಾರದೆ ಹೋದರೂ ಕತೆ ಅದೇ. ಬಾರದೆ ಹೋಗುವ ದಿನಗಳನ್ನು ಮುಂಚೆಯೇ ಊಹಿಸಬಹುದು. ಶಾಲೆಗೆ ರಜೆ ಇರುವ ದಿನ ಮಕ್ಕಳಿಗಾಗಿಯೇ ಓಡುವ ಟ್ರಿಪ್ಪುಗಳಲ್ಲಿ ಕೆಲವು ಇರುವುದಿಲ್ಲ. ಮೇಲುಕೋಟೆಯಲ್ಲಿ ವೈರಮುಡಿ ಇದ್ದಾಗ ಸುತ್ತಲಿನ ಬಸ್ಸುಗಳು ಆ ಕಡೆಗೆ ಹೋಗುತ್ತವೆ, ಅಮಾವಾಸ್ಯೆಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ. ಮತದಾನದ ಹಿಂದಿನ ದಿನ ಬಸ್ಸುಗಳನ್ನು ಚುನಾವಣಾ ಕೆಲಸಕ್ಕೆ ಕೊಡಬೇಕಾಗುತ್ತದೆ. ಮದುವೆಯ ಮುಹೂರ್ತಗಳು ಒತ್ತಾಗಿರುವ ವಾರದಲ್ಲಿ ಒಪ್ಪಂದದ ಮೇಲೆ ದಿಬ್ಬಣಕ್ಕೆ ಹೋಗುವ ಬಸ್ಸುಗಳೂ ಇವೇ. ಇಂಥ ದಿನ ‘ಇವತ್ತು ಆ ಬಸ್ಸು ಇದೆಯೇ?’ ಎಂದು ಇವತ್ತು ಎಂಬುದನ್ನು ಒತ್ತಿ ಕೇಳಿ. ಬರೀ ‘ಕೊನೆಯ ಬಸ್ಸು ಯಾವಾಗ’ ಎಂದರೆ ಎಂದಿನ ಹೊತ್ತನ್ನೇ ಹೇಳುತ್ತಾರೆ.

ಒಂದು ಭಾನುವಾರ ನಡೆದದ್ದು

ಕಳೆದ ವರ್ಷ ಒಂದು ಗೃಹಪ್ರವೇಶಕ್ಕೆ ಚಿಕ್ಕಮ್ಮನನ್ನು ಕರೆದುಕೊಂಡು ನಾಗಮಂಗಲಕ್ಕೆ ಹೋಗಿದ್ದೆ. ಕೆಳಗೆ ಬರುವ ಗಂಟೆಗಳು ಆ ದಿನದವು ಮಾತ್ರ, ಅವನ್ನು ನಂಬಿ ಹೊರಡಬೇಡಿ.

ಬೆಳಿಗ್ಗೆ ಏಳು ನಲವತ್ತಕ್ಕೆ ಸಬರ್ಬನ್ ತಲುಪಿದೆವು. ಚಿಕ್ಕಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಟಿಸಿಯ ಬಳಿ ಹೋದೆ.

‘ಸರ್, ನಾಗಮಂಗಲದ ಮೇಲೆ ಹೋಗುವ ಬಸ್ಸು ಹಿಂದಿನದು ಎಷ್ಟು ಹೊತ್ತಿಗೆ ಹೋಯಿತು?’

ಅವರು ಪುಸ್ತಕದ ಮೇಲೆ ಬೆರಳಾಡಿಸಿದರು. ‘ಏಳು ಹತ್ತು.’

‘ಮುಂದಿನದು ಇಲ್ಲಿಂದಲೇ ಹೊರಡುವುದೇ?’

‘ಎಂಟಕ್ಕೆ ತುಮಕೂರು ಬಸ್ಸಿದೆ, ಚಾಮರಾಜನಗರದ ಕಡೆಯಿಂದ ಬರಬೇಕು. ಎಂಟೂ ಕಾಲಿಗೆ ನಾಗಮಂಗಲ ಡಿಪೋದ ಬಸ್ಸು ಇಲ್ಲಿಂದಲೇ ಹೊರಡುತ್ತದೆ. ಅದು ಬಂದು ನಿಂತಿದೆ ನೋಡಿ.’

ಹದಿನೈದು ನಿಮಿಷ ಉಳಿಸಲು ನಿಂತುಕೊಂಡು ಹೋಗುವುದೋ, ಕುಳಿತು ಹೋಗುವುದೋ ಎಂದು ಚಿಕ್ಕಮ್ಮನನ್ನು ಕೇಳುವ ಅಗತ್ಯವೇ ಇರಲಿಲ್ಲ. ಅವರು ಆಗಲೇ ಮಂಡಿ ಒತ್ತಿಕೊಳ್ಳುತ್ತಿದ್ದರು. ನಿಂತಿದ್ದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆವು. ತುಮಕೂರು ಬಸ್ಸು ಎಂಟೂ ಹನ್ನೆರಡಕ್ಕೆ ಬಂತು, ಬಾಗಿಲ ಮೆಟ್ಟಿಲವರೆಗೂ ಜನ. ನಮ್ಮದು ಎಂಟೂ ಹದಿನೇಳಕ್ಕೆ ಹೊರಟು ಹತ್ತೂ ಹತ್ತಕ್ಕೆ ನಾಗಮಂಗಲ ಮುಟ್ಟಿತು. ಅಷ್ಟು ಹೊತ್ತಿಗೆ ನಿರ್ವಾಹಕರಿಂದ ಇನ್ನೊಂದು ಸಂಗತಿ ತಿಳಿದುಕೊಂಡಿದ್ದೆ: ಅದೇ ಬಸ್ಸು ಮಧ್ಯಾಹ್ನ ಮತ್ತೊಮ್ಮೆ ಮೈಸೂರಿಗೆ ಹೋಗುತ್ತದೆ, ಸಂಜೆ ಹೋಗುವುದು ಬೇರೆಯದು.

ಇಳಿದು ಅಲ್ಲಿನ ಟಿಸಿಯನ್ನು ಕೇಳಿದೆ. ಮೈಸೂರಿಗೆ ನೇರ ಬಸ್ಸುಗಳಲ್ಲಿ ಆ ದಿನದ ಕೊನೆಯದು ಏಳು ಗಂಟೆಯ ಆಸುಪಾಸು, ಅದು ಬೇರೆ ಕಡೆಯಿಂದ ಬರುವುದು. ಅದಕ್ಕೆ ಮುಂಚಿನದು ಐದೂವರೆ, ಇಲ್ಲಿಂದಲೇ ಹೊರಡುವುದು. ‘ಎರಡೂ ತಪ್ಪಿದರೆ?’ ಎಂದೆ. ಅವರು ನಕ್ಕು, ಬಸರಾಳಿನ ಮೇಲೆ ಮಂಡ್ಯಕ್ಕೆ ಆರೂ ಕಾಲಿಗೆ ಒಂದಿದೆ, ಮಂಡ್ಯ ತಲುಪಿದರೆ ಮೈಸೂರಿಗೆ ಯೋಚನೆಯಿಲ್ಲ ಎಂದರು. ಮೂರನ್ನೂ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಐದೂವರೆಯ ಬಸ್ಸು ನಮಗೆ ತಪ್ಪಿತು. ತಪ್ಪು ಬಸ್ಸಿನದಲ್ಲ. ಐದಕ್ಕೆ ‘ಹೊರಟೆವು’ ಎಂದು ಎದ್ದ ಚಿಕ್ಕಮ್ಮ ಕುಂಕುಮ ಇಟ್ಟುಕೊಂಡು, ತಾಂಬೂಲ ತೆಗೆದುಕೊಂಡು, ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡಿದರು. ನಿಲ್ದಾಣ ತಲುಪಿದಾಗ ಐದು ಐವತ್ತು.

ಈಗ ಎರಡು ದಾರಿ. ಏಳರ ಆಸುಪಾಸಿನ ನೇರ ಬಸ್ಸಿಗೆ ಕಾಯುವುದು, ಅಥವಾ ಆರೂ ಕಾಲಿಗೆ ಮಂಡ್ಯದ ಬಸ್ಸು ಹತ್ತುವುದು. ನೇರ ಬಸ್ಸಿನಲ್ಲಿ ಹತ್ತಿ ಇಳಿಯುವ ತಾಪತ್ರಯವಿಲ್ಲ. ಆದರೆ ಅದು ಆ ದಿನದ ಕೊನೆಯದು, ಬೇರೆ ಕಡೆಯಿಂದ ಬರಬೇಕಾದದ್ದು, ಅಂದು ಭಾನುವಾರ. ಬಾರದಿದ್ದರೆ ಏಳೂವರೆಗೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೂವಿನ ಬುಟ್ಟಿ ಮುಂದಿಟ್ಟು ಕುಳಿತಿದ್ದ ಅಜ್ಜಿಯನ್ನು ಕೇಳಿದೆ: ‘ಅಜ್ಜಿ, ಸಂಜೆಯ ಮೈಸೂರು ಬಸ್ಸು ಭಾನುವಾರ ಹೊತ್ತಿಗೆ ಸರಿಯಾಗಿ ಬರುತ್ತದೆಯೇ?’

‘ಬರುತ್ತದೆ ಮಗ. ನಾನು ಬುಟ್ಟಿ ಎತ್ತುವವರೆಗೂ ಬಂದದ್ದು ನೋಡಿಲ್ಲ.’

‘ಬುಟ್ಟಿ ಎಷ್ಟು ಹೊತ್ತಿಗೆ ಎತ್ತುತ್ತೀರಿ?’

‘ಏಳೂವರೆ.’

ಮಂಡ್ಯದ ಬಸ್ಸು ಹತ್ತಿದೆವು. ಬಸರಾಳು ದಾಟುವ ಹೊತ್ತಿಗೆ ಕತ್ತಲಾಗಿತ್ತು, ಏಳೂ ಮುವ್ವತ್ತೈದಕ್ಕೆ ಮಂಡ್ಯ. ಅಲ್ಲಿ ಮೈಸೂರಿನ ಕಡೆಗೆ ಮೂರು ಬಸ್ಸು ಸಾಲಾಗಿ ನಿಂತಿದ್ದವು. ಮೊದಲನೆಯದರ ನಿರ್ವಾಹಕರು ಟಿಸಿ ಕಿಟಕಿಯಿಂದ ಕಾಗದ ಮಡಿಸಿಕೊಳ್ಳುತ್ತ ಬರುವುದು ಕಂಡಿತು. ಚಿಕ್ಕಮ್ಮನ ಕೈ ಹಿಡಿದು ಅದಕ್ಕೇ ಹತ್ತಿಸಿದೆ. ಸೀಟಿ ಊದಿತು. ಚಿಕ್ಕಮ್ಮ ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಮಡಿಲಲ್ಲಿಟ್ಟುಕೊಂಡು, ಅಂದು ಮೂರನೆಯ ಶೂನ್ಯ ಟಿಕೆಟ್ಟಿಗೆ ಕಾದು ಕುಳಿತರು.